ಸಹಾಯ ಬೇಕು: ಸಹಸ್ಥಾಪಕರ ಮೇಲೆ ಕೀ ಪರ್ಸನ್ ವಿಮೆಗೆ ಕೊಟೇಶನ್

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ವರ್ಷದ ಸ್ಟಾರ್ಟಪ್, ಸ್ಥಾಪಕರು ನಾವಿಬ್ಬರೇ. ಕೋಡ್ ಪೂರ್ತಿ ನನ್ನ ಸಹಸ್ಥಾಪಕರ ತಲೆಯಲ್ಲಿದೆ, ಗ್ರಾಹಕರೆಲ್ಲ ನನ್ನ ಫೋನಿನಲ್ಲಿದ್ದಾರೆ. ಒಬ್ಬರು ಹೋದರೂ ಕಂಪನಿ ನಿಂತಂತೆಯೇ. ಈಗ 5 ವರ್ಷದ ಸಾಲ ಕೊಡುವವರು ಇಬ್ಬರ ಮೇಲೂ ಕೀ ಪರ್ಸನ್ ವಿಮೆ ಕೇಳುತ್ತಿದ್ದಾರೆ.

ಮೊನ್ನೆ ಬಂದ ಕೊಟೇಶನ್‌ನಲ್ಲಿ ನಾಮಿನಿ ಜಾಗದಲ್ಲಿ ನನ್ನ ಹೆಂಡತಿಯ ಹೆಸರಿತ್ತು! ಅದು ಸುಮ್ನೆ ವೈಯಕ್ತಿಕ ಪಾಲಿಸಿ ಅಲ್ವಾ? ನಮಗೆ ಬೇಕಿರುವುದರಲ್ಲಿ ಪಾಲಿಸಿಯ ಮಾಲೀಕರು ಕಂಪನಿ, ಪ್ರೀಮಿಯಂ ಕಟ್ಟುವುದೂ ಕಂಪನಿ, ಕ್ಲೇಮ್ ಹಣ ಬರುವುದೂ ಕಂಪನಿಗೆ.

ತೊಡಕು ಇರುವುದು ವಿಮಾ ಮೊತ್ತದಲ್ಲಿ. ಲಾಭದ ಇಷ್ಟು ಪಟ್ಟು ಅಂತ ಲೆಕ್ಕ ಹಾಕುತ್ತಾರೆ, ನಮಗಿನ್ನೂ ನಷ್ಟವೇ. ಸಂಬಳದ ಪಟ್ಟು ಹಿಡಿಯೋಣವೆಂದರೆ ನಾವು ತೆಗೆದುಕೊಳ್ಳುವುದೇ ಕಡಿಮೆ. ಹಾಗಾಗಿ ಬಾಕಿ ಸಾಲ, ಜೊತೆಗೆ ಬದಲಿ ವ್ಯಕ್ತಿಯನ್ನು ಹುಡುಕಿ ತಯಾರು ಮಾಡುವ ಒಂದು ವರ್ಷದ ಖರ್ಚು, ಇವೆರಡನ್ನು ಆಧಾರವಾಗಿ ಒಪ್ಪುವವರು ಬೇಕು.

5 ವರ್ಷದ ಶುದ್ಧ ಟರ್ಮ್ ಸಾಕು. ಗಂಭೀರ ಕಾಯಿಲೆಯ ರೈಡರ್ ಇದ್ದರೆ ಅದರ ದರ ಬೇರೆ ಸಾಲಿನಲ್ಲಿ ತೋರಿಸಿ. ನನಗೆ 38, ಅವರಿಗೆ 41. ಅವರಿಗೆ ಬಿಪಿ ಮಾತ್ರೆ ಇದೆ, ಮುಚ್ಚಿಡುವುದಿಲ್ಲ. ಆಮೇಲೆ ಕ್ಲೇಮ್ ತಿರಸ್ಕಾರವಾದರೆ ಕಟ್ಟಿದ್ದೆಲ್ಲ ದಂಡ. ವೈದ್ಯಕೀಯ ತಪಾಸಣೆಗೆ ಇಬ್ಬರೂ ತಯಾರು.

ಸ್ಥಾಪಕರು ಮಧ್ಯದಲ್ಲಿ ಕಂಪನಿ ಬಿಟ್ಟರೆ ಪಾಲಿಸಿ ಏನಾಗುತ್ತದೆ ಅಂತಲೂ ಬರೆದು ಕಳಿಸಿ.