ಚರಂಡಿ ಸ್ಲ್ಯಾಬ್: ಬಾಂಡ್ಲಿ ಲೆಕ್ಕ ಬಿಟ್ಟು ಪೆಟ್ಟಿಗೆ ಮಾಡಿಸೋಣ

ಮನೆ 12: ಎಲ್ಲರೂ ಸ್ವಲ್ಪ ಗಮನಿಸಿ. ಚರಂಡಿ ಮೇಲಿನ ಹೊಸ ಸ್ಲ್ಯಾಬ್ ಕೆಲಸ ಶುರುವಾಗಿದೆ. ಒಂದು ಮೂಟೆ ಸಿಮೆಂಟಿಗೆ ಮರಳು, ಜೆಲ್ಲಿ ಎಷ್ಟು ಅಂತ ಕೇಳಿದರೆ ಮೇಸ್ತ್ರಿ ಬಾಂಡ್ಲಿ ಲೆಕ್ಕ ಹೇಳುತ್ತಾರೆ. ಒಬ್ಬರು ಗುಡ್ಡೆ ಮಾಡಿ ತುಂಬುತ್ತಾರೆ, ಇನ್ನೊಬ್ಬರು ಅರ್ಧ. ಹಿಂದಿನ ಸ್ಲ್ಯಾಬ್ ಒಡೆದಿದ್ದು ಮರೆತಿಲ್ಲ ಅಲ್ವಾ?

ಮನೆ 21: ಒಂದು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ ಮಾಡಿಸಿ ಸರ್. ಒಂದು ಮೂಟೆ ಅಂದರೆ ಒಂದು ಘನ ಅಡಿ. ಮುಗೀತು.

ಮನೆ 7: ಅಷ್ಟು ಬರಲ್ಲ. ಘನ ಅಡಿ ಅಂದರೆ 28 ಲೀಟರ್ ಚಿಲ್ಲರೆ. 50 ಕೆಜಿ ಮೂಟೆ ಸುಮಾರು 35 ಲೀಟರ್. ಆ ಪೆಟ್ಟಿಗೆಯಲ್ಲಿ ಅಳೆದರೆ ಮರಳು, ಜೆಲ್ಲಿ ಎರಡೂ ಕಡಿಮೆ ಬೀಳುತ್ತವೆ. ಸಿಮೆಂಟ್ ಸುಮ್ನೆ ಜಾಸ್ತಿ ಖರ್ಚು.

ನಮಗೆ ಹೇಳಿರುವುದು ಸಿಮೆಂಟ್, ಮರಳು, ಜೆಲ್ಲಿ 1:1.5:3. 35 ಲೀಟರ್ ಪೆಟ್ಟಿಗೆ ಮಾಡಿಸಿದರೆ ಮರಳು ಒಂದೂವರೆ ಪೆಟ್ಟಿಗೆ ಹಾಕಬೇಕು. ಆ ‘ಅರ್ಧ’ ಇದೆಯಲ್ಲ, ಅದೇ ತಲೆನೋವು. ನಾನು ಸೈಟ್ ನೋಡಿಕೊಳ್ಳುತ್ತಿದ್ದಾಗ ಅರ್ಧ ಪೆಟ್ಟಿಗೆ ಅನ್ನುವುದು ಒಂದೊಂದು ಸಲ ಒಂದೊಂದು ಥರ ಇರುತ್ತಿತ್ತು. ಅದಕ್ಕೆ ಪೆಟ್ಟಿಗೆಯನ್ನೇ ಮುಕ್ಕಾಲು ಮಾಡಿ. ಒಳಗಿನ ಅಳತೆ 35, 30, 25 ಸೆಂ.ಮೀ. ಗುಣಿಸಿದರೆ 26.25 ಲೀಟರ್. ಒಂದು ಮೂಟೆಗೆ ಮರಳು ಎರಡು ಪೆಟ್ಟಿಗೆ, ಜೆಲ್ಲಿ ನಾಲ್ಕು. ಅರ್ಧದ ಮಾತೇ ಇಲ್ಲ.

ಮನೆ 15: ನಾನು ಒಂದು ಮೂಟೆ ಸಿಮೆಂಟನ್ನು ಬಕೆಟ್ಟಿನಲ್ಲಿ ಅಳೆದು ನೋಡಿದ್ದೆ, 40 ಲೀಟರ್ ಬಂತು! ಮೂಟೆಯಲ್ಲೇ ಮೋಸವಾ?

ಮನೆ 7: ಮೋಸ ಅಲ್ಲಮ್ಮ. ಸುರಿದಾಗ ಸಿಮೆಂಟ್ ಉಬ್ಬುತ್ತದೆ. ಅದಕ್ಕೇ ಸಿಮೆಂಟನ್ನು ಪೆಟ್ಟಿಗೆಯಲ್ಲಿ ಅಳೆಯಬಾರದು. ಇಡೀ ಮೂಟೆ ಮಿಕ್ಸರಿಗೆ ಸುರಿಯಬೇಕು, ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು.

ಮನೆ 21: ಆದರೆ ಮರಳು ಒದ್ದೆ ಇದೆ. ಒದ್ದೆ ಮರಳು ಭಾರ, ಹಾಗಾಗಿ ಕಡಿಮೆ ಹಾಕಬೇಕು. ಇದಂತೂ ಸರಿ ತಾನೇ?

ಮನೆ 7: ಒದ್ದೆಯಾದರೆ ಲೆಕ್ಕ ಬದಲಾಗುತ್ತದೆ, ಅದು ಸರಿ. ಆದರೆ ನೀವು ಹೇಳಿದ್ದಕ್ಕೆ ಉಲ್ಟಾ. ತೇವ ಇದ್ದರೆ ಕಾಳುಗಳು ಒಂದಕ್ಕೊಂದು ದೂರ ನಿಂತು ಮರಳು ಉಬ್ಬುತ್ತದೆ. ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ, ಒಳಗೆ ಮರಳು ಕಡಿಮೆ. ಹಾಗಾಗಿ ಜಾಸ್ತಿ ಅಳೆಯಬೇಕು, ನೀರು ಮಾತ್ರ ಕಡಿಮೆ ಹಾಕಬೇಕು.

ಇವತ್ತೇ ನೋಡಿದೆ. ನೇರ ಗೋಡೆಯ ಜಾಡಿಯಲ್ಲಿ ಮರಳನ್ನು ಒತ್ತದೆ 20 ಸೆಂ.ಮೀ. ತುಂಬಿದೆ. ಅದನ್ನು ಹೊರಗೆ ಸುರಿದು, ಜಾಡಿಗೆ ಅರ್ಧ ನೀರು ಹಾಕಿ, ಅದೇ ಮರಳನ್ನು ಕಲಕುತ್ತಾ ವಾಪಸ್ ಬಿಟ್ಟೆ. ಕೆಳಗೆ ಕೂತಾಗ 16 ಸೆಂ.ಮೀ. ಅಂದರೆ 16 ಇದ್ದದ್ದು 20 ಆಗಿ ಕಂಡಿತ್ತು, ಕಾಲು ಭಾಗ ಉಬ್ಬು. ಮರಳಿನ ಪೆಟ್ಟಿಗೆಯ ಆಳ 25ರ ಬದಲು 31 ಸೆಂ.ಮೀ. ಇರಲಿ. ಉದ್ದ, ಅಗಲ ಅದೇ. ಜೆಲ್ಲಿ ಹೀಗೆ ಉಬ್ಬುವುದಿಲ್ಲ, ಅದಕ್ಕೆ 25 ಸಾಕು. ಎರಡು ಪೆಟ್ಟಿಗೆ, ಬೇರೆ ಬಣ್ಣ.

ಮನೆ 3: ನಮ್ಮ ಟೆರೇಸಿಗೆ ನೀರು ಸೋರುತ್ತಿದೆ, ಅದಕ್ಕೂ ಇದೇ ಲೆಕ್ಕ ಹಾಕಬಹುದಾ?

ಮನೆ 12: ಅಂಕಲ್, ಅದು ಬೇರೆ ವಿಷಯ. ಆಮೇಲೆ ಮಾತಾಡೋಣ.

ಮನೆ 12: ಬಡಗಿ ಮೊದಲ ಪೆಟ್ಟಿಗೆ ತಂದರು. ನೋಡೋಕೆ ಚೆನ್ನಾಗಿದೆ, ಆದರೆ ಚಿಕ್ಕದು ಅನಿಸುತ್ತಿದೆ. 19 ಮಿ.ಮೀ. ಪ್ಲೈವುಡ್.

ಮನೆ 7: 35, 30, 25 ಅನ್ನು ಹೊರಗಡೆ ಹಿಡಿದಿದ್ದಾರಾ? ಟೇಪ್ ಒಳಗೆ ಇಟ್ಟು ನೋಡಿ.

ಮನೆ 12: ಹೌದು ಸರ್! ಒಳಗೆ 31.2, 26.2, ಆಳ 23.1.

ಮನೆ 7: 19 ಲೀಟರ್ ಕೂಡ ತುಂಬಲ್ಲ. ಕಾಲು ಭಾಗಕ್ಕಿಂತ ಜಾಸ್ತಿ ಹೋಯ್ತು. ವಾಪಸ್ ಕೊಡಿ. ಎರಡೂ ಕಡೆ ಹಿಡಿ ಹಾಕಿಸಿ, ತುಂಬಿದರೆ 40 ಕೆಜಿ ದಾಟುತ್ತದೆ, ಇಬ್ಬರು ಎತ್ತಬೇಕು. ತುಂಬುವಾಗ ಕುಟ್ಟುವುದು, ಅಲ್ಲಾಡಿಸುವುದು ಬೇಡ. ಮೇಲೆ ಒಂದು ನೇರ ಪಟ್ಟಿ ಎಳೆದು ಸಮ ಮಾಡಿದರೆ ಸಾಕು.

ಮನೆ 15: ರಾತ್ರಿ ಮಳೆ ಬಂದರೆ 31 ಸೆಂ.ಮೀ. ಸರಿ ಇರುತ್ತದಾ?

ಮನೆ 7: ಹೇಳೋಕಾಗಲ್ಲ. ಪೂರ್ತಿ ನೆನೆದರೆ ಉಬ್ಬು ಮತ್ತೆ ಇಳಿಯುತ್ತದೆ. ಗುಡ್ಡೆಯ ಮೇಲೊಂದು ಥರ, ಒಳಗೊಂದು ಥರ ಇರುತ್ತದೆ. ಟಾರ್ಪಾಲ್ ಮುಚ್ಚಿ, ಬೆಳಗ್ಗೆ ಜಾಡಿಯಲ್ಲಿ ಇನ್ನೊಮ್ಮೆ ನೋಡಬೇಕು.

ಮನೆ 21: ಕಾಂಟ್ರಾಕ್ಟರ್ ಪೆಟ್ಟಿಗೆಯಿಂದ ಕೆಲಸ ನಿಧಾನ ಅಂತಿದ್ದಾರೆ. ಬಾಂಡ್ಲಿಯನ್ನೇ ಅಳೆದು ಲೆಕ್ಕ ಮಾಡಿದರೆ ಆಗಲ್ವಾ?

ಮನೆ 7: ಮಟ್ಟವಾಗಿ ತುಂಬಿದರೆ ಆಗಬಹುದು. ಮಧ್ಯಾಹ್ನದ ಮೇಲೆ ಯಾರೂ ಹಾಗೆ ತುಂಬಿದ್ದನ್ನು ನಾನು ನೋಡಿಲ್ಲ.

ಮನೆ 12: ನಾಳೆ ಏಳಕ್ಕೆ ಮಿಕ್ಸರ್ ಹತ್ತಿರ ಯಾರು ನಿಲ್ಲುತ್ತೀರಿ? ಟಾರ್ಪಾಲ್ ನಮ್ಮ ಮನೆಯಲ್ಲಿದೆ.

ಮನೆ 15: ನಾನು ಬರ್ತೀನಿ. ಜಾಡಿ ತರ್ತೀನಿ.