ಬೆಳಗಾವಿಯ ಚಳಿಯಲ್ಲಿ ಸಿಹಿ ಬನ್ ಎರಡನೆಯ ಸಲ ಉಬ್ಬುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು, ಬನ್ ಮಾಡುವುದಕ್ಕೆ ತೀರ ಹೊಸಬಳು. ನಮ್ಮಲ್ಲಿ ಓವನ್ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹಾಕಿ ಬೇಯಿಸುತ್ತೇನೆ. ಈಗ ಬೆಳಗಿನ ಹೊತ್ತು ಅಡುಗೆಮನೆಯಲ್ಲಿ ಸುಮಾರು 18 ಡಿಗ್ರಿ ಇರುತ್ತದೆ.

250 ಗ್ರಾಂ ಮೈದಾಕ್ಕೆ 50 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ, ಒಂದು ಚಮಚ ಯೀಸ್ಟ್ ಮತ್ತು ಉಗುರುಬೆಚ್ಚಗಿನ ಹಾಲು ಹಾಕುತ್ತೇನೆ. ಯೀಸ್ಟ್ ಹಾಲಿನಲ್ಲಿ ಚೆನ್ನಾಗಿ ನೊರೆ ಬರುವುದರಿಂದ ಅದು ಕೆಟ್ಟಿಲ್ಲವೆಂಬುದು ಖಚಿತ. ಸಕ್ಕರೆ ಹೆಚ್ಚಿದ್ದಷ್ಟೂ ಯೀಸ್ಟ್ ನಿಧಾನವಾಗುತ್ತದೆ ಎಂಬುದೂ ತಿಳಿದಿದೆ. ಜೋಳದ ಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬಿಸಿನೀರಿನ ಬಟ್ಟಲಿನ ಪಕ್ಕ ಕಣಕವಿಟ್ಟು ಮುಚ್ಚಿದರೆ ಮೊದಲ ಸಲ ಅದು ಎರಡು ಪಟ್ಟು ಉಬ್ಬುತ್ತದೆ.

ತೊಡಕಿರುವುದು ಉಂಡೆ ಕಟ್ಟಿದ ಮೇಲೆ. ಅದೇ ಡಬ್ಬಿಯಲ್ಲಿಟ್ಟರೆ ಬಟ್ಟಲಿನ ಕಡೆಯ ಉಂಡೆಗಳು ಜಿಡ್ಡುಬಿಟ್ಟು ಅಂಟಂಟಾಗಿ ಹರಡುತ್ತವೆ, ಆಚೆ ಕಡೆಯವು ಗಟ್ಟಿಯಾಗಿಯೇ ಉಳಿಯುತ್ತವೆ. ಹೊರಗಿಟ್ಟು ಒದ್ದೆ ಬಟ್ಟೆ ಮುಚ್ಚಿದರೆ ಒಂದು ಗಂಟೆಯಾದರೂ ಬೆರಳಿನ ಗುರುತು ತಟ್ಟನೆ ಮೇಲೇಳುತ್ತದೆ, ಅಂದರೆ ಇನ್ನೂ ಹುದುಗಿಲ್ಲ. ಆ ಹಂತದಲ್ಲೇ ಬೇಯಿಸಿದ ಬನ್ನುಗಳ ಬದಿ ಹರಿದು, ಒಳಗೆ ಒತ್ತಾಗಿ ಕೂತಿದ್ದವು. (ಮಕ್ಕಳು ಚಹಾದಲ್ಲಿ ಅದ್ದಿ ತಿಂದರು, ಅದು ಬೇರೆ ಮಾತು.)

ಬೆರಳಿನ ಗುರುತು ನಿಧಾನವಾಗಿ ಅರ್ಧದಷ್ಟು ಮಾತ್ರ ಮೇಲೇಳುವವರೆಗೆ ಎರಡು ಗಂಟೆಯಾದರೂ ಹೊರಗೇ ಕಾಯಬೇಕೆ, ಅಥವಾ ಡಬ್ಬಿಯಲ್ಲೇ ನೀರನ್ನು ಉಗುರುಬೆಚ್ಚಗೆ ಮಾತ್ರ ಇಟ್ಟು ಆಗಾಗ ಬದಲಿಸಬೇಕೆ? ಬೆಣ್ಣೆ ಕರಗದಂತೆ ಎಲ್ಲ ಉಂಡೆಗಳೂ ಸಮನಾಗಿ ಉಬ್ಬಲು ಇವೆರಡರಲ್ಲಿ ಯಾವುದು ಸರಿ ಎಂದು, ಚಳಿಗಾಲದಲ್ಲಿ ಮಾಡಿ ನೋಡಿದವರು ದಯವಿಟ್ಟು ತಿಳಿಸಿರಿ.