ಚದರಡಿ ಬಿಡು, ಪಟ್ಟಿ ಎಣಿಸು

"ಮಾವ, ರೂಮಲ್ಲಿ ಎರಡು ಗೋಡೆ ಮಧ್ಯೆ 4 ಅಡಿ 4 ಇಂಚು ಜಾಗ ಇದೆ. ಅಲ್ಲಿಗೆ 4 ಅಡಿ 3 ಇಂಚು ಅಗಲ, 7 ಅಡಿ ಎತ್ತರ, ಬಾಗಿಲೂ ಸೇರಿ 2 ಅಡಿ ಆಳದ ಬಟ್ಟೆ ಕಬೋರ್ಡ್ ಮಾಡಿಸ್ತಿದ್ದೀವಿ. ಎಲ್ಲ ಹಲಗೆ ಕೂಡಿಸಿದ್ರೆ 98 ಚದರಡಿ ಬರುತ್ತೆ. ಒಂದು ಶೀಟು 32 ಚದರಡಿ, ಅಂದ್ರೆ ಮೂರು ಶೀಟು ಚಿಲ್ಲರೆ. ಬಡಗಿ ಐದು ಬೇಕು ಅಂತಿದ್ದಾರೆ. ನಮಗೆ ಟೋಪಿ ಹಾಕ್ತಿದ್ದಾರಾ?"

ಇಲ್ಲ ಪುಟ್ಟಿ, ಪಾಪ, ಅವರು ಟೋಪಿ ಹಾಕುತ್ತಿಲ್ಲ. ನೀನು ಕಳಿಸಿದ ಚಿತ್ರ ನೋಡಿದೆ. ಆ ಅಳತೆಗೆ ಐದು ಶೀಟು ಬೇಕೇ ಬೇಕು. ಆದರೆ ಅಳತೆಯನ್ನು ಸ್ವಲ್ಪ ಬದಲಿಸಿದರೆ ನಾಲ್ಕರಲ್ಲಿ ಮುಗಿಯುತ್ತದೆ, ಅದರಲ್ಲೂ ಅರ್ಧ ಶೀಟು ಉಳಿಯುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಕೇಳು.

ಚದರಡಿ ಲೆಕ್ಕ ಬಟ್ಟೆಗೂ ಸರಿಯಾಗಲ್ಲ, ಪ್ಲೈವುಡ್‌ಗೂ ಸರಿಯಾಗಲ್ಲ. ಕಬೋರ್ಡಿಗೆ ಶೀಟನ್ನು ಮೊದಲು ಉದ್ದಕ್ಕೆ ಸೀಳುತ್ತಾರೆ. 8 ಅಡಿ ಉದ್ದ, 4 ಅಡಿ ಅಗಲದ ಶೀಟು ಅಂದರೆ 2440 ಮಿಲಿಮೀಟರ್, 1220 ಮಿಲಿಮೀಟರ್. ನಡುವೆ ಸೀಳಿದರೆ ಎರಡು ಉದ್ದ ಪಟ್ಟಿ. ಒಂದು ಪಟ್ಟಿಯಲ್ಲಿ ಏನು ಕೂರುತ್ತದೆ, ಏನು ಕೂರಲ್ಲ, ಅದೇ ಅಸಲಿ ಲೆಕ್ಕ. ಇನ್ನು ಮುಂದೆ ಮಿಲಿಮೀಟರಲ್ಲೇ ಹೇಳುತ್ತೇನೆ, ಬಡಗಿ ಹತ್ತಿರವೂ ಅದರಲ್ಲೇ ಮಾತಾಡು. ಇಂಚಲ್ಲಿ ಮಾತಾಡಿದರೆ ಬ್ಲೇಡು ತಿನ್ನುವುದು ಲೆಕ್ಕಕ್ಕೆ ಸಿಗಲ್ಲ.

ಬ್ಲೇಡು ತಿನ್ನುವುದು ಅಂದೆನಲ್ಲ, ಒಂದೊಂದು ಕೊಯ್ತಕ್ಕೂ 3-4 ಮಿಮೀ ಮರ ಪುಡಿಯಾಗಿ ಹೋಗುತ್ತದೆ. ಶೀಟಿನ ಅಂಚುಗಳೂ ಸಾಗಾಟದಲ್ಲಿ ಚಕ್ಕೆ ಎದ್ದಿರುತ್ತವೆ, ಅಲ್ಲೂ ಸ್ವಲ್ಪ ತೆಗೆಯಬೇಕು. ಹಾಗಾಗಿ 1220ರಲ್ಲಿ 610ರ ಎರಡು ಪಟ್ಟಿ ಬರಲ್ಲ. ನಂಬಿಕೆಯಿಂದ ಸಿಗುವುದು 600ರ ಎರಡು. ಈ 600 ಅನ್ನುವುದನ್ನು ಗೋಡೆ ಮೇಲೆ ಬರೆದಿಟ್ಟುಕೋ.

ಈಗ ನಿನ್ನ ಕಬೋರ್ಡ್. ಅಗಲ 4 ಅಡಿ 3 ಇಂಚು, ಅಂದರೆ 1295. ಎರಡು ಬಾಗಿಲು. ಒಂದೊಂದು ಬಾಗಿಲೂ ಸುಮಾರು 645 ಅಗಲ. ಒಂದು ಶೀಟಲ್ಲಿ ಇಂಥ ಎರಡು ಬಾಗಿಲು ಪಕ್ಕಪಕ್ಕ ಕೂರುತ್ತವಾ? 1290 ಬೇಕು, ಇರುವುದು 1220. ಕೂರಲ್ಲ. ಅಡ್ಡ ಮಲಗಿಸೋಣ ಅಂದರೆ ಬಾಗಿಲಿನ ಎತ್ತರ 2 ಮೀಟರ್ ಮೇಲಿದೆ, ಅದೂ ಆಗಲ್ಲ. ಹಾಗಾಗಿ ಬಾಗಿಲಿಗೇ ಎರಡು ಶೀಟು ಒಡೆಯಬೇಕು. ಒಂದೊಂದರಲ್ಲೂ ಸುಮಾರು 560 ಅಗಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ ಒಳಗಿನ ಶೆಲ್ಫ್ ಹಲಗೆ ಬರುತ್ತವೆ, ಆದರೆ ಸೈಡ್ ಹಲಗೆ ಬರಲ್ಲ. ಯಾಕೆಂದರೆ 2 ಅಡಿಯನ್ನು 600 ಅಂತ ಹಿಡಿದು ಬಾಗಿಲಿನ ದಪ್ಪ ಕಳೆದರೆ ಪೆಟ್ಟಿಗೆಯ ಆಳ ಸುಮಾರು 580 ಇದೆ.

ಇನ್ನು ಮೇಲಿನ ಹಲಗೆ, ಕೆಳಗಿನ ಹಲಗೆ. ಎರಡು ಸೈಡಿನ ದಪ್ಪ 18, 18 ಕಳೆದರೆ ಒಂದೊಂದು 1259 ಉದ್ದ. ಎರಡೂ ಸೇರಿ 2518. ಪಟ್ಟಿ ಇರುವುದೇ 2440! ಬರೀ 78 ಮಿಮೀ, ನಾಲ್ಕು ಬೆರಳು ಅಗಲ ಸಾಲದೆ ಎರಡನೇ ಪಟ್ಟಿ ಬೇಕಾಯಿತು. ಎರಡು ಸೈಡು, ಒಂದು ನಡುವಿನ ಹಲಗೆ, ಮೇಲೊಂದು, ಕೆಳಗೊಂದು: ಐದು ಪಟ್ಟಿ, ಎರಡೂವರೆ ಶೀಟು. ಬಾಗಿಲಿನ ಎರಡು ಶೀಟು ಸೇರಿದರೆ ನಾಲ್ಕೂವರೆ. ಅಂಗಡಿಯವರು ಅರ್ಧ ಕೊಡಲ್ಲವಲ್ಲ, ಐದು.

ಈಗ ಅಗಲವನ್ನು 1200ಕ್ಕೆ ಇಳಿಸಿ ನೋಡು. ಬಾಗಿಲು 597 ಆಯಿತು, ಒಂದೇ ಶೀಟಲ್ಲಿ ಎರಡೂ ಕೂತವು. ಮೇಲಿನ, ಕೆಳಗಿನ ಹಲಗೆ 1164 ಆಯಿತು. ಎರಡೂ ಸೇರಿ ಬ್ಲೇಡಿನ ಪಾಲೂ ಹಿಡಿದು 2332, ಒಂದೇ ಪಟ್ಟಿ. ನಡುವಿನ ಹಲಗೆ ಕಳೆದರೆ ಒಂದೊಂದು ಖಾನೆ 573. ನಿನ್ನ ನಾಲ್ಕು ಶೆಲ್ಫೂ ಒಂದೇ ಪಟ್ಟಿಯಲ್ಲಿ ಸಾಲಾಗಿ ಬಂದವು, 2304. ಎಣಿಸು: ಸೈಡು 2, ನಡುವಿನದು 1, ಮೇಲೆ-ಕೆಳಗೆ 1, ಬಾಗಿಲು 2, ಶೆಲ್ಫ್ 1. ಏಳು ಪಟ್ಟಿ, ಮೂರೂವರೆ ಶೀಟು.

ಜಾಗ ಹೋಯಿತಲ್ಲ ಅಂತೀಯಾ? ಒಂದೊಂದು ಖಾನೆಗೆ ಹೋಗುವುದು 47 ಮಿಮೀ, ಎರಡು ಇಂಚೂ ಇಲ್ಲ. ಗೋಡೆಗಳ ಮಧ್ಯೆ 1320 ಇದೆ, ಹಾಗಾಗಿ ಎರಡೂ ಕಡೆ 60, 60 ಸಂದು ಉಳಿಯುತ್ತದೆ. ಅದಕ್ಕೆ ಉಳಿದ ಅರ್ಧ ಶೀಟಿನಿಂದ ಉದ್ದ ಪಟ್ಟಿ ಸೀಳಿ ಮುಚ್ಚಬೇಕು, ಬಡಗಿಗಳು ಫಿಲ್ಲರ್ ಅನ್ನುತ್ತಾರೆ. ಆ ಪಟ್ಟಿ ಹೇಗಿದ್ದರೂ ಬೇಕಿತ್ತು ಪುಟ್ಟಿ. ಯಾವ ಮನೆಯ ಗೋಡೆಯೂ ಮೇಲಿಂದ ಕೆಳಗೆ ನೆಟ್ಟಗಿರಲ್ಲ. ಗೋಡೆಗೆ ಅಂಟಿಸಿದಂತೆ ಕಬೋರ್ಡ್ ಕೂರಿಸಿದರೆ ಬಾಗಿಲು ತೆಗೆದಾಗ ಹಿಡಿ ಹೋಗಿ ಗೋಡೆಗೆ ಬಡಿಯುತ್ತದೆ, ಬಾಗಿಲು ಪೂರ್ತಿ ತೆರೆಯದೆ ಒಳಗಿನ ಡ್ರಾಯರ್ ಎಳೆಯಕ್ಕೂ ಆಗಲ್ಲ. 4 ಅಡಿ 3 ಇಂಚು ಅಂತ ಬಿಗಿಯಾಗಿ ಹಿಡಿದಿದ್ದರೆ ಅದು ಆಮೇಲೆ ಗೊತ್ತಾಗುತ್ತಿತ್ತು.

ಇನ್ನೊಂದು, ಮೈಕಾ ಶೀಟೂ 8 ಬೈ 4ರದ್ದೇ. ಬಾಗಿಲು 645 ಇದ್ದರೆ ಹೊರಗಿನ ಮೈಕಾಕ್ಕೂ ಎರಡು ಶೀಟು. 597 ಇದ್ದರೆ ಒಂದೇ. ಹಿಂಬದಿಯ 6 ಮಿಮೀ ಪ್ಲೈ ಕೂಡ ಹಾಗೇ. 1200 ಅಗಲ ಒಂದು ಶೀಟಲ್ಲಿ ಜೋಡಣೆ ಇಲ್ಲದೆ ಬರುತ್ತದೆ, 1295 ಬರಲ್ಲ.

7 ಅಡಿಯನ್ನು 2100 ಅಂತ ಹಿಡಿದು ಸೈಡ್ ಹಲಗೆ ಕೊಯ್ದಾಗ ತುದಿಯಲ್ಲಿ ಸುಮಾರು 335 ಉಳಿಯುತ್ತದೆ, ಎರಡು ತುಂಡು. ಅದನ್ನು ಒಲೆಗೆ ಹಾಕಲು ಬಿಡಬೇಡ. ಒಂದೊಂದರಲ್ಲೂ 150 ಎತ್ತರದ ಎರಡು ಡ್ರಾಯರ್ ಪಕ್ಕದ ಹಲಗೆ ಬರುತ್ತವೆ, ಅಲ್ಲಿಗೆ ಎರಡು ಡ್ರಾಯರ್ ಆಯಿತು. ಮೇಲ್ಪದರದ ನಾರು ಅಡ್ಡ ಬರುತ್ತದೆ, ಡ್ರಾಯರ್‌ಗೆ ನಡೆಯುತ್ತದೆ. ಶೆಲ್ಫಿಗೆ ಮಾತ್ರ ಹಾಗೆ ಮಾಡಿಸಬೇಡ. ಅದರ ನಾರು ಎಡದಿಂದ ಬಲಕ್ಕೆ ಓಡಬೇಕು, ಇಲ್ಲದಿದ್ದರೆ ಸೀರೆ ರಾಶಿ ಇಟ್ಟ ಮೇಲೆ ಬೇಗ ಬಾಗುತ್ತದೆ. ಮೇಲೆ ಹೇಳಿದ ಹಾಗೆ ಪಟ್ಟಿಯ ಉದ್ದಕ್ಕೆ 573 ಹಿಡಿದು ಕೊಯ್ದರೆ ತಾನಾಗಿಯೇ ಸರಿ ಬರುತ್ತದೆ.

ಕೊಯ್ಯುವ ದಿನ ಹತ್ತಿರ ನಿಂತಿರು. ನಮ್ಮ ಮನೆಯ ಕಬೋರ್ಡಿಗೆ ನಾನೇ ಜಾಣತನ ಮಾಡಿ ಒಂದೇ ಸಲಕ್ಕೆ ನಾಲ್ಕು ಶೆಲ್ಫಿನ ಗೆರೆ ಎಳೆದುಬಿಟ್ಟಿದ್ದೆ. ಬ್ಲೇಡಿನ ಪಾಲು ಬಿಟ್ಟಿರಲಿಲ್ಲ, ಗೆರೆ ಮೇಲೇ ಕೊಯ್ದದ್ದು. ಎಲ್ಲ ಶೆಲ್ಫೂ ಮೂರು ನಾಲ್ಕು ಮಿಮೀ ಕುಳ್ಳಗಾಗಿ ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ನಿಮ್ಮ ಅತ್ತೆ ಇವತ್ತಿಗೂ ಅದನ್ನು ತೋರಿಸಿ ನಗುತ್ತಾಳೆ. ಒಂದು ಅಳೆಯುವುದು, ಗೆರೆಯ ಹೊರಗೆ ಕೊಯ್ಯುವುದು, ಆಮೇಲೆ ಹೊಸ ಅಂಚಿನಿಂದ ಇನ್ನೊಂದು ಅಳೆಯುವುದು. ಕೊಯ್ದ ತಕ್ಷಣ ಪೆನ್ಸಿಲಲ್ಲಿ ಹೆಸರು ಬರೆಸು.

ಬಾಗಿಲಿನ ಶೀಟನ್ನು ಮಾತ್ರ ಮುಟ್ಟಲು ಬಿಡಬೇಡ. ಪೆಟ್ಟಿಗೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು, ಎರಡೂ ಒಂದೇ ಬಂದ ಮೇಲೆ ಬಾಗಿಲು ಕೊಯ್ಯಲಿ. ಪೆಟ್ಟಿಗೆ ಎರಡು ಮಿಮೀ ಹೆಚ್ಚು ಕಡಿಮೆ ಆಗಿದ್ದರೆ ಬಾಗಿಲಲ್ಲಿ ಸರಿಮಾಡಬಹುದು.

ಬಡಗಿಗೆ ಈ ಮೆಸೇಜ್ ಕೇಳಿಸಬೇಡ ಮತ್ತೆ, ಬೇಜಾರು ಮಾಡಿಕೊಂಡಾರು. "ಅಗಲ 1200 ಮಾಡಿ, ಎರಡೂ ಕಡೆ ಫಿಲ್ಲರ್ ಕೊಡಿ, ಈಗ ಎಷ್ಟು ಶೀಟು ಆಗುತ್ತೆ?" ಅಂತ ಕೇಳು ಸಾಕು. ಕೆಲಸ ಗೊತ್ತಿರುವವರಾದರೆ ಅವರೇ ನಾಲ್ಕು ಅಂತಾರೆ. ಪಟ್ಟಿಗಳ ಚಿತ್ರ ಹಾಳೆ ಮೇಲೆ ಬರೆದು ರಾತ್ರಿ ಫೋಟೋ ಕಳಿಸುತ್ತೇನೆ.